ಮೊಬೈಲ್ ಲೆಕ್ಕ: ನೆಟ್ ಇಲ್ಲದ ಕಡೆ ಮಾತಾಡಿ ಟೈಪ್ ಮಾಡೋದು

ಒಂದು ಕನ್‌ಸ್ಟ್ರಕ್ಷನ್ ಸೈಟಿನಲ್ಲಿ ಸ್ಟೋರ್ ನೋಡಿಕೊಳ್ಳುವ ನಮ್ಮ ಓದುಗರೊಬ್ಬರು ಹೋದ ತಿಂಗಳು ಒಂದು ಪ್ರಶ್ನೆ ಕೇಳಿದ್ದರು. ಅವರ ಸ್ಟೋರ್ ಇರೋದು ಬೇಸ್‌ಮೆಂಟಿನಲ್ಲಿ, ಅಲ್ಲಿ ನೆಟ್‌ವರ್ಕ್ ಸಿಗೋದಿಲ್ಲ. ಕೈಗವಸು ಹಾಕಿಕೊಂಡು ಟೈಪ್ ಮಾಡೋಕೆ ಆಗಲ್ಲ. ಮೈಕ್ ಒತ್ತಿ ಮಾತಾಡಿದರೆ ಚಕ್ರ ಸುತ್ತುತ್ತಾ ಇರುತ್ತೆ, ಅಕ್ಷರ ಮೂಡೋದಿಲ್ಲ. "ಆಫ್‌ಲೈನ್ ಪ್ಯಾಕ್ ಹಾಕಿಕೊಳ್ಳಿ ಅಂತಾರೆ ಸಾರ್, ಫೋನ್ 32 ಜಿಬಿದು, ಖಾಲಿ ಇರೋದು ಒಂದು ಜಿಬಿ. ಹಾಕಬಹುದಾ?" ಅಂತ ಅವರ ಪ್ರಶ್ನೆ. ಆಂಡ್ರಾಯ್ಡ್ ಫೋನ್ ಇಟ್ಟುಕೊಂಡವರಿಗೆಲ್ಲ ಉಪಯೋಗ ಆಗುವ ವಿಷಯ, ಆದ್ದರಿಂದ ಈ ಸಲ ಅದನ್ನೇ ತೆಗೆದುಕೊಂಡಿದ್ದೇನೆ.

ಮೊದಲು, ಮೈಕ್ ಒತ್ತಿದಾಗ ಏನಾಗುತ್ತೆ ನೋಡೋಣ. ಪ್ಯಾಕ್ ಇಲ್ಲದಿದ್ದರೆ ನಿಮ್ಮ ದನಿ ನೆಟ್ ಮೂಲಕ ಗೂಗಲ್‌ನ ದೊಡ್ಡ ಕಂಪ್ಯೂಟರಿಗೆ ಹೋಗಿ, ಅಲ್ಲಿ ಅಕ್ಷರವಾಗಿ ವಾಪಸ್ ಬರುತ್ತೆ. ಪ್ಯಾಕ್ ಹಾಕಿಕೊಂಡರೆ ಅದೇ ಕೆಲಸವನ್ನು ಫೋನೇ ಮಾಡುತ್ತೆ. ಆದರೆ ದೊಡ್ಡ ಕಂಪ್ಯೂಟರಿನಲ್ಲಿ ಇರೋದೆಲ್ಲ ಫೋನಿನಲ್ಲಿ ಹಿಡಿಯಲ್ಲ. 2019ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಅಮೆರಿಕನ್ ಇಂಗ್ಲಿಷಿನ ಹೊಸ ಆಫ್‌ಲೈನ್ ವ್ಯವಸ್ಥೆ ಕೊಟ್ಟಾಗ ಒಂದು ಲೆಕ್ಕ ಹೇಳಿತ್ತು. ಹಳೇ ವಿಧಾನದಲ್ಲಿ ಪದ ಹುಡುಕುವ ನಕ್ಷೆಯೊಂದೇ ಸುಮಾರು 2 ಜಿಬಿ. ಹೊಸ ವಿಧಾನದಲ್ಲಿ ಅದು 450 ಎಂಬಿಗೆ ಇಳಿಯಿತು. ಅದನ್ನೂ ಹಿಂಡಿ 80 ಎಂಬಿ ಮಾಡಿದರು. ಎಷ್ಟೇ ಜಾಣತನದಿಂದ ಹಿಂಡಿದರೂ ಸಾಮಾನ್ಯ ಮಾತು ಚೆನ್ನಾಗಿ ಉಳಿಯುತ್ತೆ, ಅಪರೂಪದ ಹೆಸರು, ಊರು, ನಮ್ಮ ಕೆಲಸದ ಪದಗಳಲ್ಲಿ ಪೆಟ್ಟು ಬೀಳುತ್ತೆ. ಜಾಗಕ್ಕೂ ನಿಖರತೆಗೂ ಇರೋ ವ್ಯವಹಾರ ಇಷ್ಟೇ.

ಈಗ ತುಂಬಾ ಜನ ಎಡವೋ ಜಾಗ. ಫೋನಿನಲ್ಲಿ "ಕನ್ನಡ ಡೌನ್‌ಲೋಡ್" ಅನ್ನೋದು ನಾಲ್ಕು ಕಡೆ ಸಿಗುತ್ತೆ, ನಾಲ್ಕೂ ಬೇರೆ ಬೇರೆ. ಕೀಬೋರ್ಡಿಗೆ ಕನ್ನಡ ಸೇರಿಸಿದರೆ ಕೈಯಲ್ಲಿ ಟೈಪ್ ಮಾಡೋಕೆ ಮಾತ್ರ. Google Translate ಒಳಗಿನ ಕನ್ನಡ ಫೈಲು ಬರಹವನ್ನು ಅನುವಾದ ಮಾಡೋಕೆ. Text-to-speech ಅಡಿ ಬರುವ ಕನ್ನಡ ಫೋನು ನಮಗೆ ಓದಿ ಹೇಳೋಕೆ. ನಮ್ಮ ಮಾತನ್ನು ಕೇಳಿ ಬರೆಯೋಕೆ ಬೇಕಾದ್ದು ನಾಲ್ಕನೆಯದು, Offline speech recognition ಅಡಿ ಇರುವ ಪ್ಯಾಕ್. ಮೊದಲ ಮೂರನ್ನು ಎಷ್ಟು ಹಾಕಿಕೊಂಡರೂ ಬೇಸ್‌ಮೆಂಟಿನಲ್ಲಿ ಮೈಕ್ ಬಾಯಿ ಬಿಡಲ್ಲ, ಜಾಗ ಮಾತ್ರ ಖರ್ಚು.

ಹಾಕುವ ದಾರಿ ಹೀಗೆ. ರೂಮಿನ ವೈಫೈಯಲ್ಲಿ ಇದ್ದಾಗ ಫೋನಿನ Settings ತೆರೆದು, ಮೇಲಿನ ಹುಡುಕುವ ಜಾಗದಲ್ಲಿ voice typing ಅಂತ ಬರೆಯಿರಿ. ಫೋನಿನ ಕಂಪನಿಗೆ ತಕ್ಕಂತೆ ದಾರಿ ಬದಲಾಗೋದರಿಂದ ಹುಡುಕೋದೇ ಸುಲಭ. Google voice typing ಒಳಗೆ Offline speech recognition ಇರುತ್ತೆ. ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗ: Installed ಅಂದರೆ ಈಗಾಗಲೇ ಇರೋದು, All ಅಂದರೆ ಸಿಗುವ ಎಲ್ಲಾ ಭಾಷೆ, Auto-update ಅಂದರೆ ತಾನಾಗಿ ಹೊಸದಾಗೋದು. ಕೊನೆಯದನ್ನು ವೈಫೈಯಲ್ಲಿ ಮಾತ್ರ ಅಂತ ಇಡಿ, ಇಲ್ಲದಿದ್ದರೆ ರೀಚಾರ್ಜ್ ಮಾಡಿದ ಡೇಟಾ ಹೋಗುತ್ತೆ. All ಪಟ್ಟಿಯಲ್ಲಿ ಕನ್ನಡ ಇದ್ದರೆ ಹಾಕಿಕೊಳ್ಳಿ. ಈ ಪಟ್ಟಿ ಎಲ್ಲಾ ಫೋನಿನಲ್ಲೂ ಒಂದೇ ಥರ ಇರಲ್ಲ. ನಿಮ್ಮದರಲ್ಲಿ ಇಲ್ಲ ಅಂದರೆ, ಕನ್ನಡದಲ್ಲಿ ಮಾತಾಡಿ ಬರೆಸೋದು ನೆಟ್ ಇದ್ದಾಗ ಮಾತ್ರ ಅಂತ ತಿಳೀರಿ. ನೆಟ್ ಇದ್ದಾಗ ಅದು 2017ರಿಂದಲೇ ಸಿಗ್ತಾ ಇದೆ.

ಆ ಓದುಗರ ಫೋನಿನ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದರೆ ಅವರ ಸ್ಟೋರ್ ಪಟ್ಟಿ ಇಂಗ್ಲಿಷಿನಲ್ಲೇ ಹೋಗಬೇಕು, ಹಾಗಾಗಿ English (India) ಪ್ಯಾಕ್ ಸಾಕು. English (US) ಹಾಕೋದು ಬೇಡ, ನಮ್ಮ ಉಚ್ಚಾರಣೆಗೆ ಇಂಡಿಯಾದ್ದೇ ಸರಿ. ಎರಡೂ ಇಟ್ಟುಕೊಳ್ಳೋದು ದಂಡ. ಮೈಕಿನ ಭಾಷೆಯನ್ನೂ ಅದೇ English (India)ಗೆ ಇಡಬೇಕು, ಇಲ್ಲದಿದ್ದರೆ ಹಾಕಿದ ಪ್ಯಾಕ್ ಸುಮ್ಮನೆ ಕೂತಿರುತ್ತೆ.

ಜಾಗದ ಲೆಕ್ಕ ಹೆದರುವಷ್ಟಿಲ್ಲ. ಒಂದು ಭಾಷೆಗೆ ನೂರು ಎಂಬಿ ಅಂತ ಧಾರಾಳವಾಗಿ ಹಿಡಿದರೂ, ಖಾಲಿ ಇರುವ ಒಂದು ಜಿಬಿಯಲ್ಲಿ ಹತ್ತನೇ ಒಂದು ಭಾಗ. ಅವರ ವಾಟ್ಸಾಪ್ ತೆರೆದು ನೋಡಿದರೆ ಅದೊಂದೇ 9 ಜಿಬಿ ನುಂಗಿತ್ತು. ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋ ನಾಲ್ಕೈದು ಅಳಿಸಿದರೆ ಪ್ಯಾಕಿನ ಜಾಗ ಬಂತು. ಎರಡು ಮಾತು ಮಾತ್ರ ನೆನಪಿಡಿ. ಪ್ಯಾಕ್ ಫೋನಿನ ಒಳಗಿನ ಜಾಗದಲ್ಲೇ ಕೂರುತ್ತೆ, ಮೆಮೊರಿ ಕಾರ್ಡ್ ಹಾಕಿದರೆ ಅಲ್ಲಿಗೆ ಹೋಗಲ್ಲ. ಮತ್ತೆ, ಜಾಗ ಮಾಡೋಕೆ ಅಂತ Google ಆ್ಯಪ್ ಅಥವಾ Speech Recognition & Synthesis ಆ್ಯಪಿನ Clear storage ಒತ್ತಬೇಡಿ, ಪ್ಯಾಕೂ ಅದರ ಜೊತೆ ಹೋಗಬಹುದು.

ಹಾಕಿದ ಮೇಲೆ ಪರೀಕ್ಷೆ ರೂಮಿನಲ್ಲೇ ಮಾಡಿ, ಸೈಟಿಗೆ ಹೋಗೋತನಕ ಕಾಯಬೇಡಿ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಇದೆಯಾ ನೋಡಿ, ಮೈಕ್ ಒತ್ತಿ. ಅಕ್ಷರ ಬಂದರೆ ಪ್ಯಾಕ್ ಕೆಲಸ ಮಾಡ್ತಿದೆ. ಬರಲಿಲ್ಲ ಅಂದರೆ ಅದು ಇನ್ನೂ ಪೂರ್ತಿ ಇಳಿದಿಲ್ಲ, ಅಥವಾ ಭಾಷೆ ಬೇರೆ ಇದೆ, ಅಥವಾ ನೀವು ಒತ್ತಿದ್ದು ಫೋನ್ ಕಂಪನಿಯ ಕೀಬೋರ್ಡಿನ ಬೇರೆ ಮೈಕು.

ನಾವಿಬ್ಬರೂ ಅವರ ದಿನದ ಹತ್ತು ಸಾಲುಗಳನ್ನು ತೆಗೆದುಕೊಂಡು, ಎರಡು ಸಲ ಓದಿ ನೋಡಿದೆವು. ಒಟ್ಟು ಸುಮಾರು ನೂರು ಪದ. ನೆಟ್ ಇದ್ದಾಗ ಆರು ತಪ್ಪು, ಇಲ್ಲದಾಗ ಹದಿನಾಲ್ಕು. ಆದರೆ ಲೆಕ್ಕದವನಾಗಿ ನಾನು ನೋಡೋದು ತಪ್ಪು ಎಷ್ಟು ಅಂತಲ್ಲ, ಎಲ್ಲಿ ಅಂತ. ಬಸವರಾಜ ಅನ್ನೋ ಹೆಸರು ಏನೋ ಆದರೆ ಓದಿದವರಿಗೆ ಗೊತ್ತಾಗುತ್ತೆ, ತಿದ್ದಬಹುದು. "ಸಿಕ್ಸ್‌ಟೀನ್ ಎಂಎಂ ರಾಡ್, ಸಿಕ್ಸ್‌ಟಿ ಪೀಸ್" ಅಂದದ್ದಕ್ಕೆ ಎರಡು ಕಡೆಯೂ 60 ಬಿದ್ದಿತ್ತು. ಇದು ನೋಡೋಕೆ ಸರಿಯಾಗೇ ಕಾಣುತ್ತೆ, ಯಾರ ಕಣ್ಣಿಗೂ ಬೀಳಲ್ಲ. ತಿಂಗಳ ಕೊನೆಗೆ ಸ್ಟಾಕ್ ತಾಳೆ ಆಗದಿದ್ದಾಗ ಉತ್ತರ ಹೇಳಬೇಕಾದವರು, ಒಮ್ಮೊಮ್ಮೆ ಸಂಬಳದಲ್ಲಿ ಕಡಿತ ಅನುಭವಿಸಬೇಕಾದವರು ಸ್ಟೋರಿನವರು. ಟೀನ್ ಮತ್ತು ಟಿ ಗದ್ದಲದಲ್ಲಿ ನಮ್ಮ ಕಿವಿಗೇ ಗೊಂದಲ, ಸಣ್ಣ ಪ್ಯಾಕಿಗೆ ಇನ್ನೂ ಹೆಚ್ಚು.

ಅದಕ್ಕೆ ಅವರಿಗೆ ಹೇಳಿಕೊಟ್ಟ ಕ್ರಮ ಇದು. ಸಾಮಾನಿನ ಹೆಸರು ಮತ್ತು ಯಾರಿಗೆ ಕೊಟ್ಟದ್ದು ಅನ್ನೋದನ್ನು ಮಾತಾಡಿ ಬರೆಸೋದು, ಅಂಕಿಯನ್ನು ಮಾತ್ರ ಕೈಗವಸು ತೆಗೆದು ಒತ್ತೋದು. ಒಂದು ಸಾಲಿಗೆ ಎರಡು ಮೂರು ಅಂಕಿ, ಹೆಚ್ಚು ಹೊತ್ತು ಹಿಡಿಯಲ್ಲ. ಓವರ್‌ಟೈಮ್ ಗಂಟೆ ಬರೆದಿಡುವವರಿಗೂ ಇದೇ ಮಾತು. ಹೆಸರುಗಳನ್ನು ಸಂಜೆ ರೂಮಿಗೆ ಬಂದು ಒಮ್ಮೆ ಓದಿ ಸರಿ ಮಾಡಿದರಾಯಿತು.

ಇನ್ನೊಂದು ಸಣ್ಣ ವಿಷಯ. ಬೇಸ್‌ಮೆಂಟಿನ ಬಾಗಿಲ ಹತ್ತಿರ ಒಂದು ಕಡ್ಡಿ ಸಿಗ್ನಲ್ ಬಂದು ಹೋಗ್ತಾ ಇರುತ್ತಲ್ಲ, ಅಲ್ಲಿ ಫೋನು ನೆಟ್ ಇದೆ ಅಂದುಕೊಂಡು ಕಾಯುತ್ತಾ ಕೂರಬಹುದು. ಅಂಥ ಕಡೆ ಏರೋಪ್ಲೇನ್ ಮೋಡ್ ಹಾಕಿಯೇ ಮಾತಾಡಿ, ತಕ್ಷಣ ಬರೆಯುತ್ತೆ. ಮುಗಿದ ಮೇಲೆ ತೆಗೆಯೋದು ಮರೀಬೇಡಿ, ಊರಿನಿಂದ ಫೋನ್ ಬಂದರೆ ಸಿಗಲ್ಲ.

ಮನೆಯವರಿಗೆ ಕನ್ನಡದಲ್ಲಿ ಕಳಿಸುವ ಮಾತಿಗೆ, ಪ್ಯಾಕ್ ಇಲ್ಲದವರು ಬೇಸ್‌ಮೆಂಟಿನಲ್ಲಿ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ ಇಡಿ. ಮೇಲೆ ಬಂದು ನೆಟ್ ಸಿಕ್ಕಾಗ ಅದು ತಾನಾಗಿ ಹೋಗುತ್ತೆ. ಆ ಕೆಲಸಕ್ಕೆ ಒಂದು ಎಂಬಿ ಪ್ಯಾಕೂ ಬೇಡ.