ಕಣ್ಣು ತೆರೆಯದ ಹೊಸ ಫೋನು

ಚಿಂಚೋಳಿಯ ಗೃಹಸ್ಥರೊಬ್ಬರು ಮಗಳ ಓದಿಗೆಂದು ತರಿಸಿದ ಮೊಬೈಲು ತಿಂಗಳ 3ರಂದು ಮನೆಗೆ ಬಂದಿತೆನ್ನೋಣ. ಒಂದು ಗಂಟೆ ಚಾರ್ಜಿಗಿಟ್ಟರೂ ಅದು ಕಣ್ಣು ತೆರೆಯಲಿಲ್ಲ. ಬದಲಿ ಕೊಡಲು ಮಾರಾಟಗಾರನು ಗೊತ್ತುಪಡಿಸಿದ ಅವಧಿ 7 ದಿನ. ಕಂಪನಿಯ ವಾರಂಟಿಯೋ ಒಂದು ವರ್ಷ.

ಆ ವರ್ಷದ ನೆಮ್ಮದಿಯೇ ಮೋಸಗೊಳಿಸುವುದು. ವಾರಂಟಿ ಸಾಮಾನ್ಯವಾಗಿ ಕೊಡುವುದು ದುರಸ್ತಿಯನ್ನೇ ಹೊರತು ಹೊಸ ಫೋನನ್ನಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಿಂದ ಹೋಗುವವರಂತೆ ಅವರೂ ನೇರವಾಗಿ ಕಲಬುರಗಿಯ ಸರ್ವಿಸ್ ಸೆಂಟರಿಗೆ ಹೋಗಿ, ಜಾಬ್ ಶೀಟಿನಲ್ಲಿ ‘ದುರಸ್ತಿ’ ಎಂದಿರುವುದನ್ನು ಓದದೆ ಸಹಿ ಹಾಕಿದರೆ, ಬಿಚ್ಚಿ ಜೋಡಿಸಿದ ಫೋನು 15ಕ್ಕೆ ಕೈಸೇರೀತು. ಬದಲಿಯ ಬಾಗಿಲು 10ಕ್ಕೇ ಮುಚ್ಚಿರುತ್ತದೆ.

ಆದ್ದರಿಂದ ಮೊದಲು ಮಾರಾಟಗಾರನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಆತ ಸೆಂಟರಿನ ತಪಾಸಣೆ ಬೇಕೆಂದರೆ, ಅಲ್ಲಿ ದುರಸ್ತಿಗೆ ಒಪ್ಪದೆ ‘ಡಿಓಎ’ ಪ್ರಮಾಣಪತ್ರವನ್ನೇ, ಅಂದರೆ ಬರುವಾಗಲೇ ಕೆಟ್ಟಿತ್ತೆಂಬ ಬರಹವನ್ನೇ, ಕೇಳಬೇಕು. ಅದರಲ್ಲಿನ ಐಎಂಇಐ ಸಂಖ್ಯೆ ಪೆಟ್ಟಿಗೆಯ ಮೇಲಿನದಕ್ಕೆ ಅಂಕೆ ಅಂಕೆಗೂ ಹೊಂದಬೇಕು.

ಮಾರಾಟಗಾರ ಆಗಲೂ ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅದರಾಚೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ, ಮಾರಿದವನು ಎಲ್ಲಿಯವನಾದರೂ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ.