ಅಳಸಬ್ಯಾಡ್ರಿ, ಮೊದಲ ಫೈಲ್ ಮಾಡ್ರಿ

ಆನ್‌ಲೈನ್ ಜೂಜಿನ್ಯಾಗ ರೊಕ್ಕ ಹೋದ ಸುದ್ದಿ ಗೊತ್ತಾದ ಕೂಡ್ಲೆ ನಮ್ಮ ಮನಿ ಹಿರ್ಯಾರ ಮೊದಲನೇ ಅಪ್ಪಣಿ ಏನ್ ಹೇಳ್ರಿ? "ಆ ದರಿದ್ರ ಆ್ಯಪ್ ತೆಗದ ಒಗಿ, ಚಾಟ್ ಎಲ್ಲಾ ಅಳಿಸು, ದೇವ್ರ ಮುಂದ ಆಣಿ ಮಾಡು." ಆಣಿ ಬೇಕಾದ್ರ ಮಾಡಸ್ರಿ. ಅಳಸೂದನ್ನ ಮಾತ್ರ ನಾ ಒಪ್ಪಂಗಿಲ್ಲ. ಮೋಸ ಮಾಡಿದವ್ನ ಹೆಜ್ಜಿ ಗುರುತನ್ನ ನಾವ ಸಾರಿಸಿ ರಂಗೋಲಿ ಹಾಕಿದಂಗ ಆಗ್ತದ ಅದು.

ನಮ್ಮ ಬಳಗದ ಒಬ್ಬ ಹುಡುಗನ ಲೆಕ್ಕ ಹೇಳ್ತೇನಿ. ಆಟದ ಆ್ಯಪಿನ್ಯಾಗ ಅವನ ಹೆಸರಿಗೆ 48,000 ರೂಪಾಯಿ ತೋರಸ್ತಿತ್ತು. ತಕ್ಕೊಳ್ಳಾಕ ಹೋದ್ರ, "ಮೊದಲ 30 ಪರ್ಸೆಂಟ್ ಟ್ಯಾಕ್ಸ್ ಕಟ್ರಿ, ಆಮ್ಯಾಲ ಬಿಡ್ತೇವಿ" ಅಂತ ವಾಟ್ಸಾಪಿನ್ಯಾಗ ಒಬ್ಬಾಂವ. ಇವ 14,400 ಕಟ್ಟಿದ. ಅಲ್ಲಿಗೆ ಎಲ್ಲಾ ಬಂದ್. ಗೆದ್ದ ರೊಕ್ಕದ ತೆರಿಗಿನ ಕಂಪನ್ಯಾವ್ರ ಮುರಕೊಂಡು ಉಳದದ್ದ ಕೊಡಬೇಕು. ಮುಂಗಡ ಕಟ್ಟಸ್ಕೊಳ್ಳೂದು ಅಂದ್ರ ಮೋಸ ಅಂತ ಅಲ್ಲೇ ತಿಳೀಬೇಕು.

ಹುಡುಗನ ಕಡೆ 140 ಸ್ಕ್ರೀನ್‌ಶಾಟ್ ಇದ್ವು. ಅದರಾಗ ಮುಕ್ಕಾಲು ಆ 48,000ದ ಫೋಟೋ! ಸಿಟ್ಟು ಬಂದಾಗೊಮ್ಮೆ ಒತ್ಯಾನ. ನನ್ನ ತಕರಾರು ಇಲ್ಲೇ ಇರೂದು. ಪರದಿ ಮ್ಯಾಲಿನ ಅಂಕಿ ನಮ್ಮ ನಷ್ಟ ಅಲ್ಲ. ಪಣದ ಕರಾರು ಅನೂರ್ಜಿತ ಅಂತ 1872ರ ಕರಾರು ಕಾಯ್ದೆಯ 30ನೇ ಕಲಂ ಹೇಳ್ತದ, ಗೆದ್ದದ್ದ ಕೊಡಸ್ರಿ ಅಂತ ದಾವೆ ಹೂಡಾಕ ಬರಂಗಿಲ್ಲ. ನಮ್ಮ ಖಾತೆಯಿಂದ ಮೋಸದಿಂದ ಹೊರಗ ಹೋದದ್ದು ಎಷ್ಟು, ಯಾರಿಗೆ ಹೋತು, ಅದನ್ನ ಕೇಳಬೇಕು. ಅದಕ್ಕ ಫೈಲಿನ ಬೆನ್ನೆಲುಬು ಬ್ಯಾಂಕ್ ಸ್ಟೇಟ್‌ಮೆಂಟ್.

ಒಂದ ಹಾಳ್ಯಾಗ ಸಾಲು ಹೊಡದ್ವಿ: ತಾರೀಖು, ವೇಳೆ, ಮೊತ್ತ, ಯಾವ ಯುಪಿಐ ಐಡಿಗೆ, ಯುಟಿಆರ್ ನಂಬರ್. ಯುಪಿಐದಾಗ ಈ ನಂಬರ್ 12 ಅಂಕಿ ಇರ್ತದ. ಆಟದ ಆ್ಯಪ್ ಕೊಡೋ ಆರ್ಡರ್ ನಂಬರ್ ಬ್ಯಾರೆ, ಅದರಿಂದ ಬ್ಯಾಂಕಿನವ್ರಿಗೆ ಏನೂ ಸಿಗಂಗಿಲ್ಲ. ಹುಡುಗ ಐದು ಸಲ ಕಟ್ಟೇನಿ ಅಂದಿದ್ದ: 2,000, 5,000, ಮತ್ತ 5,000, 10,000, 14,400. ಸ್ಕ್ರೀನ್‌ಶಾಟೂ ಐದಿದ್ವು. ಸ್ಟೇಟ್‌ಮೆಂಟ್ ತಗದ ನೋಡಿದ್ರ ಮೊದಲನೇ 5,000 ಅದ ದಿನ ವಾಪಸ್ ಬಂದಿತ್ತು. ಖರೆ ಹೋದದ್ದು 31,400. ವಾಪಸ್ ಬಂದದ್ದನ್ನೂ ಹೋತು ಅಂತ ಬರದಿದ್ರ ಉಳದ ನಾಲ್ಕು ಸಾಲನ್ನೂ ಯಾರು ನಂಬ್ತಿದ್ರು? ಇನ್ನೊಂದು ಕಂಡದ್ದು, ನಾಲ್ಕು ಪಾವತಿ ನಾಲ್ಕು ಬ್ಯಾರೆ ಬ್ಯಾರೆ ಐಡಿಗೆ ಹೋಗ್ಯಾವ. ಪೊಲೀಸ್ರು ಬೆನ್ನ ಹತ್ತೂದು ಆ ಖಾತೆಗಳನ್ನ.

ಇನ್ನ ಚಾಟ್. ವಾಟ್ಸಾಪಿನ್ಯಾಗ ಎಕ್ಸ್‌ಪೋರ್ಟ್ ಚಾಟ್ ಅಂತದ, ಫೋಟೋ ಸಮೇತ ತಕ್ಕೊಳ್ರಿ. ಒಂದ ತೊಡಕದ: ನಂಬರನ್ನ "ಗೇಮ್ ಸರ್" ಅಂತ ಸೇವ್ ಮಾಡಿದ್ರ, ಎಕ್ಸ್‌ಪೋರ್ಟ್ ಆದ ಫೈಲಿನ್ಯಾಗೂ "ಗೇಮ್ ಸರ್" ಅಂತ ಬರ್ತದ, ನಂಬರ್ ಬರಂಗಿಲ್ಲ. (ಸರ್ ಅಂತ ಬ್ಯಾರೆ!) ಅದಕ್ಕ ನಂಬರ್ ಕಾಣೋ ಪ್ರೊಫೈಲಿನ ಸ್ಕ್ರೀನ್‌ಶಾಟ್ ಜೋಡಿಗೆ ಇರ್ಲಿ. ಟೆಲಿಗ್ರಾಂ ಆದ್ರ ತಡಾ ಮಾಡಬ್ಯಾಡ್ರಿ, ಆ ಕಡೆಯಾಂವ ಅಳಿಸಿದ್ರ ನಿಮ್ಮ ಕಡೆಯಿಂದನೂ ಇಡೀ ಚಾಟ್ ಹೋಗಬಹುದು.

140ರಾಗ ನಾವು ಆರಿಸಿದ್ದು 11. ಪ್ರತಿಯೊಂದೂ ಒಂದು ಪಾವತಿ ಸಾಲಿಗೆ ಕಟ್ಟಿದ್ದು. 14,400ರ ಸಾಲಿಗೆ "ಟ್ಯಾಕ್ಸ್ ಕಟ್ರಿ" ಅಂದ ಮೆಸೇಜು, ಅವ ಕಳಿಸಿದ ಐಡಿ, ಪಾವತಿ ರಸೀದಿ, ಮೂರು. ಹೆಸರು ಹಿಂಗ: `04_14400_chat.png`. ಕೆಂಪು ಗೆರಿ ಎಳಿಯೂದು, ಕತ್ತರಿಸೂದು ಏನಿದ್ರೂ ನಕಲಿನ ಮ್ಯಾಲೆ, ಅಸಲು ಮುಟ್ಟಬ್ಯಾಡ್ರಿ. ಉಳದ 129 ಒಗೀಲಿಲ್ಲ, ಬ್ಯಾರೆ ಫೋಲ್ಡರಿನ್ಯಾಗ ಅದಾವ.

ಹಂಗಂತ ಫೈಲ್ ಚಂದ ಆಗ್ಲಿ ಅಂತ ಕಾಯಬ್ಯಾಡ್ರಿ ಮತ್ತ. ಗೊತ್ತಾದ ಗಳಿಗೆಗೆ 1930ಕ್ಕ ಫೋನ್ ಮಾಡ್ರಿ, ಇಲ್ಲಾ `cybercrime.gov.in` ಒಳಗ ದೂರು ಕೊಡ್ರಿ. ರೊಕ್ಕ ಇನ್ನೂ ಯಾವುದೋ ಖಾತೆಯಾಗ ನಿಂತಿದ್ರ ತಡೀಬಹುದು, ಅದನ್ನ ಎಟಿಎಮ್ಮಿನ್ಯಾಗ ತಗದ ಮ್ಯಾಲೆ ಬಾಳ ಕಷ್ಟ. ಅಷ್ಟೊತ್ತಿಗೆ ಆ ಒಂದ ಹಾಳಿ ಕೈಯಾಗಿದ್ರ ಸಾಕು.

"ದೂರು ಕೊಟ್ರ ನಮ್ಮ ಹುಡುಗನ್ನ ಒಳಗ ಹಾಕ್ತಾರ" ಅನ್ನೋ ಅಂಜಿಕಿಯಿಂದನ ಮಂದಿ ಅಳಸ್ತಾರ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆದಾಗ ಶಿಕ್ಷಾ ಇಟ್ಟದ್ದು ರೊಕ್ಕದ ಆಟ ನಡಸಾವ್ರಿಗೆ, ಜಾಹೀರಾತು ಮಾಡಾವ್ರಿಗೆ, ರೊಕ್ಕ ದಾಟಸಾವ್ರಿಗೆ. ಆಡಿ ಕಳಕೊಂಡವ್ರಿಗೆ ಅಲ್ಲ.

ಮತ್ತ ಆ ಫೋನು. ಹುಡುಗನ ಅವ್ವ ಅದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಸಾದಾ ಬಟನ್ ಫೋನ್ ಕೊಡಸ್ತೇನಿ ಅಂತ ಕೂತಿದ್ರು. ಕೋರ್ಟಿಗೆ ಹೋದ್ರ ಡಿಜಿಟಲ್ ದಾಖಲೆ ಜೋಡಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಾಗ ಯಾವ ಸಾಧನದಿಂದ ಬಂತು ಅಂತ ಬರೀಬೇಕಾಗ್ತದ. ಅಸಲು ಚಾಟ್ ಇರೂದು ಆ ಫೋನಿನ್ಯಾಗ. ಬಟನ್ ಫೋನ್ ಕೊಡಸ್ರಿ, ಹಳೇದನ್ನ ಕೀಲಿ ಹಾಕಿ ಟ್ರೆಜರಿಯಾಗ ಇಡ್ರಿ ಅಂತ ಹೇಳಿ ಬಂದೇನಿ.