ಸತ್ತವರ ಮನಿ ಬಾಗಿಲಾಗ ನಿಂತು ಬರದಂಗ ಬರೀರಿ

ಅಕ್ಕಾರ, ತಂಗ್ಯಾರ, ಈ ಸಲ ಸ್ವಲ್ಪ ಖಾರಾಗೇ ಬರೀತೀನಿ, ಸಿಟ್ಟಾಗಬ್ಯಾಡ್ರಿ.

2021ರ ಅಕ್ಟೋಬರ್ 29, ಶುಕ್ರವಾರ. ಮಧ್ಯಾಹ್ನ ರೊಟ್ಟಿ ಬಡಿಯೂದು ಬಿಟ್ಟು ಎಲ್ಲಾರೂ ಟಿವಿ ಮುಂದ ಕುಂತಿದ್ವಿ. ಪುನೀತ್ ರಾಜಕುಮಾರ ಆಸ್ಪತ್ರೆಯಾಗ ಅದಾರ ಅಂತ ಸುದ್ದಿ. ಆಸ್ಪತ್ರೆಯವರು ಇನ್ನೂ ಏನೂ ಹೇಳಿರಲಿಲ್ಲ, ಅಷ್ಟರಾಗ ನನ್ನ ನೆಗೆಣ್ಣಿ ಅಳಕೋತನ ಫೇಸ್‌ಬುಕ್ಕಿಗೆ ಹಾಕೇಬಿಟ್ಟಿದ್ಲು: “ಅಯ್ಯೋ ದೇವರೇ, ಜಿಮ್ ಮಾಡಿ ಮಾಡಿ ನಮ್ಮ ಅಪ್ಪು ಹೋಗಿಬಿಟ್ರು. ಅಪ್ಪು ಇಲ್ಲದ ಭೂಮಿ ಮ್ಯಾಲ ನಾವ್ಯಾಕ ಇರಬೇಕು? ಖರೇ ಅಭಿಮಾನಿ ಆಗಿದ್ರ ಹತ್ತು ಮಂದಿಗೆ ಕಳಸ್ರಿ.” ಜೋಡಿ ಯಾರೋ ಕಳಿಸಿದ ಆಸ್ಪತ್ರೆ ಫೋಟೋ.

ಆಕಿ ಕಣ್ಣೀರು ಖರೇ. ಆದ್ರ ಆ ನಾಕು ಸಾಲಿನಾಗ ನಾಕು ತಪ್ಪು ಅದಾವ, ಒಂದೊಂದ ನೋಡೂಣು.

ಮೊದಲನೇದು ಅವಸರ. “ಯಕ್ಕಾ, ಕಡೀಕ ಖರೇನ ಆತಲ್ಲ” ಅಂತಾಳ. ಹೌದವ್ವ, ಆತು. ಆದ್ರ ಅದ ವರ್ಷ ಜೂನ್ ತಿಂಗಳ ನೆನಪ ಮಾಡಿಕೋರಿ. ಸಂಚಾರಿ ವಿಜಯ್ ಬೈಕಿನಿಂದ ಬಿದ್ದು ಆಸ್ಪತ್ರೆಯಾಗಿದ್ರು. 14ನೇ ತಾರೀಕಿಗೇ ದೊಡ್ಡ ದೊಡ್ಡವರು ಸುದ್ದಾ ಶ್ರದ್ಧಾಂಜಲಿ ಬರದ್ರು. ತೀರಿಕೊಂಡ್ರು ಅಂತ ಹೇಳಿದ್ದು 15ಕ್ಕ. ಆ ನಡುವಿನ ತಾಸುಗಳೊಳಗ ಅವರ ಮನಿ ಮಂದಿ ಅಂಗಾಂಗ ದಾನದ ಮಾತು ಆಡೂದಿತ್ತು. ಅವರ ಫೋನಿಗೆ ನಮ್ಮ “ಓಂ ಶಾಂತಿ” ಬಂದು ಬಿದ್ರ ಅವರಿಗೆ ಹ್ಯಾಂಗಾಗಿರಬೇಕು? ಆಸ್ಪತ್ರೆಯವರು ಇಲ್ಲಾ ಮನಿಯವರು ಬಾಯಿಬಿಟ್ಟು ಹೇಳೂತನಕ ಬರೀಬಾರದು. ಅರ್ಧ ತಾಸು ತಡಾ ಆದ್ರ ಅಭಿಮಾನ ಏನ್ ಕಡಿಮಿ ಆಗೂದಿಲ್ಲ.

ಎರಡನೇದು, ಕಾರಣ. ಹೃದಯ ಯಾಕ ನಿಂತಿತು ಅನ್ನೂದು ಡಾಕ್ಟರ್ ಹೇಳೋ ಮಾತು. ಅವತ್ತು “ಜಿಮ್, ಜಿಮ್” ಅಂತ ನಾವು ಬರದದ್ದಕ್ಕ ಏನಾತು? ಹುಡುಗರು ವ್ಯಾಯಾಮ ಬಿಟ್ರು, ಬೆಂಗಳೂರು ಮೈಸೂರಿನ ಹೃದಯದ ಆಸ್ಪತ್ರೆ ಮುಂದ ತಪಾಸಣೆಗೆ ಮಂದಿ ಸಾಲುಗಟ್ಟಿ ನಿಂತ್ರು. ನಮ್ಮ ಹಳ್ಳ್ಯಾಗ ಸಾವಿನ ಮನಿಗೆ ಹೋದವರು ಸುಮ್ಮನ ಕುಂತು ಬರ್ತಾರ. ಹೆಂಡತಿ ಮುಂದ “ಹಂಗ ಮಾಡಬಾರದಿತ್ತು” ಅಂದ್ರ ಹಿರ್ಯಾರು ಎಬ್ಬಿಸಿ ಕಳಸ್ತಾರ. ಫೋನಿನ್ಯಾಗೂ ಅದ ರೀತಿ.

ಮೂರನೇದು ಎಲ್ಲಾಕಿಂತ ಕೆಟ್ಟದ್ದು: “ನಾವ್ಯಾಕ ಇರಬೇಕು.” ಇದು ಬಾಯಿಮಾತು ಅಂತೀರಿ. ಆ ದಿನಗಳೊಳಗ ದುಃಖ ತಡೀಲಾರದ ಕೆಲವು ಅಭಿಮಾನಿಗಳು ಖರೇನ ಜೀವ ಕಳಕೊಂಡ್ರು. ಒಡಹುಟ್ಟಿದ ತಮ್ಮನ್ನ ಮಣ್ಣ ಮಾಡಿದ ಶಿವಣ್ಣ, ಆ ಸಂಕಟದಾಗೂ, ಯಾರೂ ಹಂಗ ಮಾಡಿಕೋಬ್ಯಾಡ್ರಿ, ನಿಮ್ಮ ಮನ್ಯಾಗ ನಿಮ್ಮವರಿದ್ದಾರ ಅಂತ ಕೇಳಿಕೋಬೇಕಾತು. ನಿಮ್ಮ ಸಾಲು ಓದೋ ಹದಿನಾರರ ಹುಡುಗ ಅದನ್ನ ಬಾಯಿಮಾತು ಅಂತ ತಿಳಿತಾನೇನು? ಸತ್ತ ಅಭಿಮಾನಿಯನ್ನ “ಖರೇ ಭಕ್ತ” ಅಂತ ಹೊಗಳೂದೂ ಅಷ್ಟ ತಪ್ಪು. ಯಾರರ ಹಂಗ ಬರದಿದ್ರ ಹಾರ್ಟ್ ಒತ್ತಬ್ಯಾಡ್ರಿ, ಫೋನ್ ಹಚ್ಚಿ ಮಾತಾಡಿಸ್ರಿ, ಅವರ ಮನ್ಯಾಗ ಹೇಳ್ರಿ.

ನಾಕನೇದು ಫೋಟೋ. ದೊಡ್ಡ ಮಗಳು ಅಮೆರಿಕದಿಂದ ಬರೂತನಕ ಅಂತ್ಯಕ್ರಿಯೆ 31ಕ್ಕ ನಿಂತಿತ್ತು. ಆ ಕೂಸು ವಿಮಾನ ಇಳದು ಫೋನ್ ತಗದ್ರ ಮೊದಲು ಕಾಣೂದು ಅಪ್ಪನ ನಗುಮುಖ ಆಗಬೇಕೋ, ಆಸ್ಪತ್ರೆ ಮಂಚ ಆಗಬೇಕೋ?

“ದುಃಖದಾಗ ಮಾತು ತೂಗಿ ಆಡಾಕ ಆಗ್ತದೇನು ಯಕ್ಕಾ?” ಅಂತಾಳ ಆಕಿ. ಮನ್ಯಾಗ ಬಾಯಿ ಬಡಕೊಂಡು ಅಳ್ರಿ, ಯಾರು ಬ್ಯಾಡಂತಾರ? ಊರಿಗೆಲ್ಲಾ ಕಾಣೂವಂಗ ಬರಿಯೂದಾದ್ರ ತೂಗಲೇಬೇಕು.

ಆವತ್ತ ರಾತ್ರಿ ಇಬ್ರೂ ಕುಂತು ಆಕಿ ಬರದದ್ದನ್ನ ಅಳಿಸಿ ಹಿಂಗ ಬರದ್ವಿ: “ಪುನೀತ್ ರಾಜಕುಮಾರ (1975–2021). ‘ಬೆಟ್ಟದ ಹೂವು’ ನೋಡಿ ನಮ್ಮವ್ವ ಸೆರಗಿನಿಂದ ಕಣ್ಣೊರಸಿಕೊಂಡದ್ದು ನೆನಪೈತಿ. ಅಪ್ಪಾಜಿ 2006ರಾಗ ಕಣ್ಣು ಕೊಟ್ಟು ಹೋದಂಗ ಇವರೂ ಕೊಟ್ಟು ಹೋದ್ರು. ಮನಿಯವರಿಗೆ ದೇವರು ಧೈರ್ಯ ಕೊಡಲಿ.” ನಮ್ಮ ಕಣ್ಣಾರೆ ಕಂಡದ್ದೊಂದು, ಅವರು ಮಾಡಿದ್ದೊಂದು, ಮನಿಯವರಿಗೆ ಒಂದು ಮಾತು. “ಹತ್ತು ಮಂದಿಗೆ ಕಳಸ್ರಿ” ಇಲ್ಲ.

ಮುಂದ ಅವರ ಕಣ್ಣಿನ ಪಾರದರ್ಶಕ ಪದರ ಸೀಳಿ ನಾಕು ಮಂದಿಗೆ ಹಾಕಿದ್ರು ಅಂತ ತಿಳೀತು. ಆಗ ನೆಗೆಣ್ಣಿ ಕೆಳಗ ತಾನ ಒಂದು ಸಾಲು ಸೇರಿಸಿದ್ಲು: “ಸತ್ತ ಆರು ತಾಸಿನೊಳಗ ಕಣ್ಣು ತಗೀಬೇಕಂತ. ನನ್ನ ಮನಿಯವರಿಗೆ ಈಗ ಹೇಳಿಟ್ಟೀನಿ.” ಅದನ್ನ ಓದಿ ನಮ್ಮ ಓಣಿ ಇಬ್ರು ಹೆಣ್ಮಕ್ಕಳು ಹ್ಯಾಂಗ ಬರಸೂದು ಅಂತ ಕೇಳಾಕ ಮನಿಗೇ ಬಂದ್ರು.